ಹಬ್ಬದ ಆರ್ಡರ್‌ಗೆ ಕೊನೆಯ ದಿನ: ಟೈಲರ್ ಕಳಿಸುವ ಸಂದೇಶದ ಹಿಂದಿನ ಲೆಕ್ಕ

ಹಬ್ಬಕ್ಕೆ ಇನ್ನೂ ಮೂರು ನಾಲ್ಕು ವಾರ ಇರುವಾಗಲೇ ಬ್ಲೌಸ್ ಹೊಲಿಯುವ ಟೈಲರ್‌ನಿಂದ ಕಾಯಂ ಗಿರಾಕಿಗಳ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಮೊದಲ ಸಾಲಿನಲ್ಲಿ ಹಬ್ಬದ ಶುಭಾಶಯ, ಎರಡನೆಯ ಸಾಲಿನಲ್ಲಿ ಆರ್ಡರ್ ಕೊಡಲು ಕೊನೆಯ ದಿನ. ಶುಭಾಶಯ ಎಲ್ಲ ಅಂಗಡಿಯಿಂದಲೂ ಬರುತ್ತದೆ. ಸಂದೇಶದ ನಿಜವಾದ ತೂಕ ಇರುವುದು ಎರಡನೆಯ ಸಾಲಿನ ದಿನಾಂಕದಲ್ಲಿ. ಅದು ಬಾಯಿಗೆ ಬಂದ ದಿನಾಂಕವಲ್ಲ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ, ಅಂಗಡಿಯಲ್ಲಿ ಈಗಾಗಲೇ ಬಿದ್ದಿರುವ ಕೆಲಸ ಕಳೆದು, ದಿನಕ್ಕೆ ಎಷ್ಟು ಬ್ಲೌಸ್ ಹೊರಬರುತ್ತವೆ ಎಂದು ನೋಡಿ ತೆಗೆದ ಉತ್ತರ ಅದು. ಲೆಕ್ಕ ಸರಿಯಿದ್ದರೆ ಹಬ್ಬದ ಹಿಂದಿನ ದಿನ ಅಂಗಡಿಯ ಮುಂದೆ ಜಗಳವಿರುವುದಿಲ್ಲ. ತಪ್ಪಿದರೆ, ಹೊಸ ಸೀರೆಗೆ ಹಳೆಯ ಬ್ಲೌಸ್ ತೊಟ್ಟು ಪೂಜೆಗೆ ಕೂರುವ ಮನೆಗಳು ಊರಿನಲ್ಲಿ ಹಲವಾಗುತ್ತವೆ.

ಕರ್ನಾಟಕದಲ್ಲಿ ಬ್ಲೌಸ್ ಟೈಲರ್‌ಗಳಿಗೆ ಈ ಲೆಕ್ಕ ಅತಿ ಬಿಗಿಯಾಗುವುದು ವರಮಹಾಲಕ್ಷ್ಮಿ ಹಬ್ಬಕ್ಕೆ. ಪೂಜೆ ಮಾಡುವವರು ಹೆಣ್ಣುಮಕ್ಕಳು, ಉಡುವುದು ಸೀರೆ, ಸೀರೆಗೆ ಬ್ಲೌಸ್ ಬೇಕೇ ಬೇಕು. ಅದಕ್ಕೂ ಮುಂಚಿನ ಆಷಾಢದಲ್ಲಿ ಮದುವೆಗಳಿಲ್ಲ, ಶುಭಕಾರ್ಯಗಳಿಲ್ಲ. ಟೈಲರ್ ಅಂಗಡಿಗೆ ಬಿಡುವು ಸಿಗುವ ತಿಂಗಳು ಅದು. ಆದರೆ ಬಟ್ಟೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ ಮಾರಾಟ ನಡೆಯುವುದೂ ಆಗಲೇ. ಹೀಗೆ ಕೊಂಡ ಸೀರೆಗಳು ಬೀರುವಿನಲ್ಲಿ ಕಾದಿದ್ದು, ಶ್ರಾವಣ ಹುಟ್ಟುತ್ತಿದ್ದಂತೆ ಒಟ್ಟಿಗೇ ಟೈಲರ್ ಕಡೆ ಹೊರಡುತ್ತವೆ. ಬಿಡುವಿನ ತಿಂಗಳಲ್ಲಿ ಬರಬಹುದಾಗಿದ್ದ ಕೆಲಸವನ್ನು ಆ ತಿಂಗಳಿಗೇ ಎಳೆದುಕೊಳ್ಳುವುದು ಈ ಸಂದೇಶದ ಒಂದು ಮುಖ್ಯ ಉದ್ದೇಶ.

ಹಬ್ಬದ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ

ವರಮಹಾಲಕ್ಷ್ಮಿ ವ್ರತ ಶ್ರಾವಣ ಶುಕ್ಲಪಕ್ಷದಲ್ಲಿ, ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಬರುತ್ತದೆ. ಚಾಂದ್ರಮಾನ ವರ್ಷ ಇಂಗ್ಲಿಷ್ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಹಬ್ಬ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ಹಬ್ಬ ಆಗಸ್ಟ್ 25ಕ್ಕೆ ಬಿತ್ತು. 2024ರಲ್ಲಿ ಅದು ಆಗಸ್ಟ್ 16, 2025ರಲ್ಲಿ ಆಗಸ್ಟ್ 8.

ಈ ಸರಿದಾಟದಿಂದ ಎರಡು ಪರಿಣಾಮಗಳಿವೆ. ಒಂದು, ಹೋದ ವರ್ಷದ ಸಂದೇಶವನ್ನೇ ಮೊಬೈಲಿನಲ್ಲಿ ಹುಡುಕಿ ಮತ್ತೆ ಕಳಿಸುವಂತಿಲ್ಲ. 2024ರಲ್ಲಿ ಆಗಸ್ಟ್ 5 ಎಂದು ಬರೆದಿದ್ದ ಕೊನೆಯ ದಿನ ಆ ವರ್ಷಕ್ಕೆ ಸರಿಯಾಗಿತ್ತು ಎಂದುಕೊಂಡರೂ, ಅದೇ ತಾರೀಕು 2025ರಲ್ಲಿ ಹಬ್ಬಕ್ಕೆ ಮೂರೇ ದಿನ ಮುಂಚೆ ಬರುತ್ತದೆ. ಹಾಗಾಗಿ ತಾರೀಕಿನ ಪಕ್ಕದಲ್ಲಿ ವಾರವನ್ನೂ ಬರೆಯುವ ಟೈಲರ್ ಈ ತಪ್ಪಿನಿಂದ ಪಾರಾಗುತ್ತಾನೆ. ತಾರೀಕಿಗೂ ವಾರಕ್ಕೂ ತಾಳೆಯಾಗದಿದ್ದರೆ ಸಂದೇಶ ಹಳೆಯದು ಎಂದು ತಕ್ಷಣ ಗೊತ್ತಾಗುತ್ತದೆ.

ಎರಡನೆಯ ಪರಿಣಾಮ ಸಂಬಳಕ್ಕೆ ಸಂಬಂಧಿಸಿದ್ದು. ಹಬ್ಬ ಆಗಸ್ಟ್ 25ಕ್ಕೆ ಬಂದಾಗ ಸಂಬಳ ಕೈಗೆ ಬಂದ ಮೇಲೆ ಸೀರೆ ಕೊಂಡು ಬ್ಲೌಸ್ ಹೊಲಿಸಲು ಸಾಕಷ್ಟು ಸಮಯ ಇರುತ್ತದೆ. ಆಗಸ್ಟ್ 8ಕ್ಕೆ ಬಂದಾಗ ಹಾಗಿಲ್ಲ. ತಿಂಗಳ ಮೊದಲ ದಿನ ಸಂಬಳ ಬಂದು, ಎರಡನೆಯ ದಿನ ಸೀರೆ ಕೊಂಡು, ಮೂರನೆಯ ದಿನ ಟೈಲರ್ ಹತ್ತಿರ ಹೋದರೆ ಉಳಿಯುವುದು ನಾಲ್ಕೈದು ದಿನ. ಅಂಥ ವರ್ಷಗಳಲ್ಲಿ ಕೊನೆಯ ದಿನ ಸಂಬಳಕ್ಕೂ ಮುಂಚೆಯೇ ಬಂದುಬಿಡುತ್ತದೆ. ಅದನ್ನು ಬಲ್ಲ ಟೈಲರ್ ಕಾಯಂ ಗಿರಾಕಿಗಳಿಂದ ಅಡ್ವಾನ್ಸ್ ಕೇಳುವುದಿಲ್ಲ. ಬಟ್ಟೆ ಈಗ ಕೊಡಿ, ಹಣ ತೆಗೆದುಕೊಂಡು ಹೋಗುವಾಗ ಕೊಡಿ ಎಂಬ ಒಂದು ಸಾಲು ಅಂಥ ವರ್ಷದ ಸಂದೇಶದಲ್ಲಿ ಇದ್ದರೆ ಅನೇಕರು ತಡಮಾಡದೆ ಬರುತ್ತಾರೆ.

ಒಂದು ಬ್ಲೌಸ್ ಸಾಗುವ ದಾರಿ

ಕೊನೆಯ ದಿನದ ಲೆಕ್ಕ ಅರ್ಥವಾಗಬೇಕಾದರೆ, ಬಟ್ಟೆ ಅಂಗಡಿಗೆ ಬಂದ ಮೇಲೆ ಎಷ್ಟು ಕೈ ದಾಟುತ್ತದೆ ಎಂದು ನೋಡಬೇಕು. ಲೈನಿಂಗ್ ಬ್ಲೌಸ್ ಒಂದನ್ನೇ ತೆಗೆದುಕೊಳ್ಳೋಣ. ಮೊದಲು ಅಳತೆ. ಹೊಸಬರಿಗೆ ಟೇಪು ಹಿಡಿದು ಅಳತೆ ತೆಗೆಯಬೇಕು. ಕಾಯಂ ಗಿರಾಕಿಗಳು ಸರಿಯಾಗಿ ಕೂರುವ ಹಳೆಯ ಬ್ಲೌಸ್ ಒಂದನ್ನು ಅಳತೆಗೆಂದು ಕೊಟ್ಟುಹೋಗುತ್ತಾರೆ. ಮುಂದೆ ಕತ್ತು, ಬೆನ್ನು, ತೋಳಿನ ಡಿಸೈನ್ ತೀರ್ಮಾನವಾಗಬೇಕು. ಆಮೇಲೆ ಸೀರೆಯ ಬಣ್ಣಕ್ಕೆ ಹೊಂದುವ ಹತ್ತಿಯ ಲೈನಿಂಗ್ ಬಟ್ಟೆ ತಂದು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಬೇಕು. ನೆನೆಸದೆ ಹೊಲಿದರೆ ಮೊದಲ ಸಲ ಒಗೆದಾಗ ಲೈನಿಂಗ್ ಕುಗ್ಗುತ್ತದೆ, ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ಶ್ರಾವಣದ ಮಳೆಯಲ್ಲಿ, ಅದರಲ್ಲೂ ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ, ಈ ಒಣಗಿಸುವ ಕೆಲಸಕ್ಕೇ ಒಂದು ಪೂರ್ತಿ ದಿನ ಹಿಡಿಯುವುದುಂಟು.

ಆಮೇಲೆ ಕಟಿಂಗ್. ಸಣ್ಣ ಅಂಗಡಿಗಳಲ್ಲಿ ಇದನ್ನು ಮಾಲೀಕರೇ ಮಾಡುತ್ತಾರೆ, ಏಕೆಂದರೆ ಇಲ್ಲಿ ತಪ್ಪಿದರೆ ಬಟ್ಟೆಯೇ ಹೋಯಿತು. ಕತ್ತರಿಸಿದ ತುಂಡುಗಳನ್ನು ಚೀಟಿಯೊಂದಿಗೆ ಕಟ್ಟಿ ಮಿಷನ್‌ಗೆ ಕೊಡುತ್ತಾರೆ. ಹೊಲಿಗೆಯಾದ ಮೇಲೆ ಕೈಕೆಲಸ ಉಳಿಯುತ್ತದೆ: ಅಂಚಿಗೆ ಹೆಮ್ಮಿಂಗ್, ಮುಂಭಾಗಕ್ಕೆ ಹುಕ್ಕು. ಇದನ್ನು ಬಹಳ ಕಡೆ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳು ಮನೆಗೆ ಒಯ್ದು ಮಾಡಿಕೊಡುತ್ತಾರೆ. ಕೊನೆಗೆ ಇಸ್ತ್ರಿ, ಗಿರಾಕಿ ಹಾಕಿ ನೋಡುವುದು, ಬೇಕಿದ್ದರೆ ಬಿಗಿ ಸಡಿಲ ಸರಿಪಡಿಸುವುದು.

ಆರಿ ವರ್ಕ್ ಬೇಕೆಂದವರ ಬ್ಲೌಸ್‌ಗೆ ಈ ದಾರಿ ಇನ್ನಷ್ಟು ಉದ್ದ. ಬಟ್ಟೆಯ ಮೇಲೆ ಕತ್ತು ಮತ್ತು ತೋಳಿನ ಗೆರೆಗಳನ್ನು ಅಳತೆಗೆ ತಕ್ಕಂತೆ ಬರೆದು, ಕತ್ತರಿಸದೆ, ವರ್ಕ್ ಮಾಡುವವರಿಗೆ ಕಳಿಸಬೇಕು. ಅವರು ಅದನ್ನು ಚೌಕಟ್ಟಿಗೆ ಬಿಗಿದು ಮಣಿ, ಜರಿ, ದಾರದ ಕೆಲಸ ಮುಗಿಸಿ ವಾಪಸು ಕಳಿಸಿದ ಮೇಲೆಯೇ ಕಟಿಂಗ್. ವರ್ಕ್ ಮಾಡುವವರಿಗೂ ಹಬ್ಬದ ಹೊತ್ತಿನಲ್ಲಿ ಸಾಲುಗಟ್ಟಿದ ಕೆಲಸ ಇರುತ್ತದೆ, ಅದೂ ಹಲವು ಟೈಲರ್‌ಗಳಿಂದ. ಆದ್ದರಿಂದ ವರ್ಕ್ ಬ್ಲೌಸ್‌ಗೂ ಬರೀ ಲೈನಿಂಗ್ ಬ್ಲೌಸ್‌ಗೂ ಒಂದೇ ಕೊನೆಯ ದಿನ ಕೊಡುವುದು ಸಾಧ್ಯವಿಲ್ಲ.

ಸೀರೆಯ ಸೆರಗಿಗೆ ಕುಚ್ಚು ಕಟ್ಟಿಸುವವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಲೌಸ್ ಬಟ್ಟೆ ಸೀರೆಯ ಜೊತೆಗೇ ನೇಯ್ದು ಬಂದಿದ್ದರೆ ಅದನ್ನು ಮೊದಲು ಕತ್ತರಿಸಿ ಬೇರೆ ಮಾಡಬೇಕು. ಆಗ ಬ್ಲೌಸ್ ಬಟ್ಟೆ ಮಿಷನ್ ಕಡೆಗೂ, ಸೀರೆ ಫಾಲ್ಸ್ ಮತ್ತು ಕುಚ್ಚಿನ ಕಡೆಗೂ ಏಕಕಾಲಕ್ಕೆ ಹೋಗಬಹುದು. ಸೀರೆಯನ್ನು ಮೊದಲು ಕುಚ್ಚಿಗೆ ಕೊಟ್ಟು, ಅದು ಬಂದ ಮೇಲೆ ಬ್ಲೌಸ್ ಕೊಡೋಣ ಎಂದುಕೊಂಡವರು ತಮಗರಿವಿಲ್ಲದೆ ವಾರವನ್ನೇ ಕಳೆದುಕೊಳ್ಳುತ್ತಾರೆ.

ಹಬ್ಬದಿಂದ ಹಿಂದಕ್ಕೆ ಎಣಿಸುವುದು

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಜಿಲ್ಲಾ ಕೇಂದ್ರವೊಂದರಲ್ಲಿ ಎರಡು ಮಿಷನ್‌ನ ಅಂಗಡಿ ಎಂದುಕೊಳ್ಳೋಣ. ಮಾಲೀಕರು ಕಟಿಂಗ್ ಮಾಡುತ್ತಾರೆ. ಮಿಷನ್ ಮೇಲೆ ಇಬ್ಬರು, ಹೆಮ್ಮಿಂಗ್‌ಗೆ ಪಕ್ಕದ ಬೀದಿಯ ಒಬ್ಬರು. ಹೊಲಿಯುವ ಇಬ್ಬರೂ ದಿನಕ್ಕೆ ತಲಾ ನಾಲ್ಕು ಲೈನಿಂಗ್ ಬ್ಲೌಸ್ ಮುಗಿಸುತ್ತಾರೆ, ಅಂದರೆ ಒಟ್ಟು 8. ಭಾನುವಾರ ರಜೆ. ಹಬ್ಬ 2025ರ ಆಗಸ್ಟ್ 8, ಶುಕ್ರವಾರ. ಲೆಕ್ಕಕ್ಕೆ ಕುಳಿತ ದಿನ ಜುಲೈ 12, ಶನಿವಾರ.

ಮೊದಲ ಹೆಜ್ಜೆ, ಹಬ್ಬದ ಪಕ್ಕದ ದಿನಗಳನ್ನು ಬಿಟ್ಟುಬಿಡುವುದು. ಗುರುವಾರ, ಆಗಸ್ಟ್ 7, ಸರಿಪಡಿಸುವ ಕೆಲಸಕ್ಕೆ ಮೀಸಲು. ಬುಧವಾರ ಡೆಲಿವರಿಯ ಕೊನೆಯ ದಿನ. ಹಿಂದಿನ ರಾತ್ರಿ ಹೊಲಿದಿದ್ದಕ್ಕೆ ಹುಕ್ಕು ಹಾಕುವುದೂ ಇಸ್ತ್ರಿಯೂ ಅಂದು ಬೆಳಿಗ್ಗೆ. ಹಾಗಾದರೆ ಮಿಷನ್ ಕೆಲಸ ಮುಗಿಯಬೇಕಾದದ್ದು ಮಂಗಳವಾರ, ಆಗಸ್ಟ್ 5ರ ರಾತ್ರಿ. ಹಬ್ಬ ಎಂಟಕ್ಕಿದ್ದರೂ ಮಿಷನ್‌ನ ಪಾಲಿಗೆ ಹಬ್ಬ ಐದಕ್ಕೇ ಬರುತ್ತದೆ. ಲೆಕ್ಕ ತಪ್ಪುವ ಅಂಗಡಿಗಳಲ್ಲಿ ಮೊದಲು ಮರೆತುಹೋಗುವುದು ಈ ಮೂರು ದಿನಗಳೇ.

ಎರಡನೆಯ ಹೆಜ್ಜೆ, ಕೆಲಸದ ದಿನಗಳನ್ನು ಎಣಿಸುವುದು. ಜುಲೈ 14ರ ಸೋಮವಾರದಿಂದ ಆಗಸ್ಟ್ 5ರವರೆಗೆ ಭಾನುವಾರಗಳನ್ನು ಬಿಟ್ಟರೆ 20 ದಿನ. ಅದರಲ್ಲಿ ಜುಲೈ 24 ಭೀಮನ ಅಮಾವಾಸ್ಯೆ, ಜುಲೈ 29 ನಾಗರ ಪಂಚಮಿ. ಹೊಲಿಯುವವರಿಗೂ ಮನೆಯಲ್ಲಿ ಹಬ್ಬವಿರುತ್ತದೆ. ಆ ಎರಡು ದಿನ ಕಳೆದರೆ ಉಳಿಯುವುದು 18. ದಿನಕ್ಕೆ 8ರಂತೆ 144 ಬ್ಲೌಸ್ ಆಗಬೇಕು. ಆದರೆ ಕರೆಂಟ್ ಹೋಗುತ್ತದೆ, ಯಾರಿಗಾದರೂ ಜ್ವರ ಬರುತ್ತದೆ, ಒಂದೆರಡು ಬ್ಲೌಸ್ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ. ಇದಕ್ಕಾಗಿ ದಿನಕ್ಕೆ ಒಂದು ಬ್ಲೌಸ್‌ನಷ್ಟು ಜಾಗ ಖಾಲಿ ಬಿಡುವ ಅಂಗಡಿ 8ರ ಬದಲು 7 ಎಂದೇ ಎಣಿಸುತ್ತದೆ. ಆಗ ಬರುವ ಸಂಖ್ಯೆ 126.

ಮೂರನೆಯ ಹೆಜ್ಜೆ, ಈಗಾಗಲೇ ಒಪ್ಪಿಕೊಂಡಿರುವುದನ್ನು ಕಳೆಯುವುದು. ಬಿಲ್ ಬುಕ್ ತೆರೆದು ನೋಡಿದರೆ 50 ಬ್ಲೌಸ್ ಬಾಕಿ ಇವೆ ಎಂದುಕೊಳ್ಳೋಣ. ಉಳಿದದ್ದು 76. ಹಬ್ಬದೊಳಗೆ ಹೊಸದಾಗಿ ಒಪ್ಪಿಕೊಳ್ಳಬಹುದಾದ ಬ್ಲೌಸ್‌ಗಳು ಇಷ್ಟೇ.

ನಾಲ್ಕನೆಯ ಹೆಜ್ಜೆಯಲ್ಲಿ ಈ ಸಂಖ್ಯೆ ದಿನಾಂಕವಾಗುತ್ತದೆ. 76 ಬ್ಲೌಸ್ ಯಾವ ದಿನಕ್ಕೆ ತುಂಬುತ್ತವೆ ಎಂದು ತಿಳಿಯಲು ಹೋದ ವರ್ಷದ ಬಿಲ್ ಬುಕ್ಕೇ ಆಧಾರ. ಆಷಾಢದಲ್ಲಿ ದಿನಕ್ಕೆ ನಾಲ್ಕರಂತೆ, ಶ್ರಾವಣ ಹುಟ್ಟಿದ ಮೇಲೆ ಎಂಟು ಹತ್ತರಂತೆ ಬಟ್ಟೆ ಬರುತ್ತಿದ್ದರೆ, ಜುಲೈ 30ರ ರಾತ್ರಿಗೆ 72 ಬ್ಲೌಸ್ ಬಂದಿರುತ್ತವೆ. ಮಾರನೆಯ ದಿನ ಮಿತಿ ದಾಟುತ್ತದೆ. ಹಾಗೆಂದು ಜುಲೈ 30 ಎಂದು ಘೋಷಿಸಿದರೆ ತಪ್ಪಾಗುತ್ತದೆ, ಏಕೆಂದರೆ ಸಂದೇಶ ತಲುಪಿದ ಮೇಲೆ ಜನ ಬರುವ ವೇಗವೇ ಬದಲಾಗುತ್ತದೆ. ಆಮೇಲೆ ಬರೋಣ ಎಂದುಕೊಂಡಿದ್ದವರು ಕೊನೆಯ ದಿನದ ಹಿಂದಿನ ಮೂರು ನಾಲ್ಕು ದಿನಗಳಲ್ಲಿ ಬಂದು ಸೇರುತ್ತಾರೆ. ಜುಲೈ 21ರಿಂದ 23ರವರೆಗೆ ದಿನಕ್ಕೆ ನಾಲ್ಕರ ಬದಲು ಆರು, ಶ್ರಾವಣದ ಮೊದಲ ಎರಡು ದಿನ ಎಂಟರ ಬದಲು ಹನ್ನೊಂದು, ಸೋಮವಾರ ಹನ್ನೆರಡು ಬಂದರೆ ಜುಲೈ 28ರ ರಾತ್ರಿಗೇ 76 ತುಂಬುತ್ತದೆ. ಆದ್ದರಿಂದ ಈ ಅಂಗಡಿಯ ಸಂದೇಶದಲ್ಲಿ ಇರಬೇಕಾದ ದಿನ ಜುಲೈ 28, ಸೋಮವಾರ.

ಈ ಲೆಕ್ಕಕ್ಕೆ ಎರಡು ತಿದ್ದುಪಡಿಗಳು ಬೇಕು. ಎಲ್ಲ ಬ್ಲೌಸ್‌ಗಳಿಗೂ ಒಂದೇ ಹೊತ್ತು ಹಿಡಿಯುವುದಿಲ್ಲ. ಪ್ರಿನ್ಸೆಸ್ ಕಟ್, ಪ್ಯಾಡ್, ಬೆನ್ನಿಗೆ ಬಟ್ಟೆಯಿಂದ ಮಾಡಿದ ಡಿಸೈನ್, ಪೈಪಿಂಗ್ ಇರುವ ಬ್ಲೌಸ್‌ಗೆ ಎರಡು ಬ್ಲೌಸ್‌ನ ಸಮಯ ಬೇಕಾಗಬಹುದು. ಹಾಗಾಗಿ 76 ಎಂಬುದನ್ನು ಲೈನಿಂಗ್ ಬ್ಲೌಸ್‌ನ ಅಳತೆಯಲ್ಲಿ ಎಣಿಸಬೇಕು. ಡಿಸೈನ್ ಬ್ಲೌಸ್ ಐದು ಬಂದರೆ ಹತ್ತು ಜಾಗ ತುಂಬಿತು ಎಂದರ್ಥ. ಇನ್ನೊಂದು, ಮಿಷನ್ ಎಷ್ಟು ಹೊಲಿಯುತ್ತದೆ ಎಂಬುದಷ್ಟೇ ಸಾಲದು. ಹೆಮ್ಮಿಂಗ್ ಮಾಡುವವರ ಕೈಯಲ್ಲಿ ದಿನಕ್ಕೆ ಆರೇ ಬ್ಲೌಸ್ ಮುಗಿಯುವುದಾದರೆ ಇಡೀ ಅಂಗಡಿಯ ವೇಗ ಆರೇ. ಆಗ 18 ದಿನಕ್ಕೆ 108 ಆಗುತ್ತವೆ, ಹಳೆಯ 50 ಕಳೆದು 58 ಉಳಿಯುತ್ತವೆ, ಕೊನೆಯ ದಿನ ಜುಲೈ 26ರ ಮಧ್ಯಾಹ್ನಕ್ಕೇ ಬಂದು ನಿಲ್ಲುತ್ತದೆ. ಮೂರನೆಯ ಮಿಷನ್ ತಂದರೂ ಇದು ಬದಲಾಗುವುದಿಲ್ಲ. ಹುಕ್ಕು ಹಾಕಲು ಇನ್ನೊಬ್ಬರು ಸಿಕ್ಕರೆ ಮಾತ್ರ ಬದಲಾಗುತ್ತದೆ. ಯಾವ ಹಂತದಲ್ಲಿ ಬ್ಲೌಸ್‌ಗಳು ರಾಶಿ ಬೀಳುತ್ತವೆಯೋ ಆ ಹಂತವೇ ಅಂಗಡಿಯ ನಿಜವಾದ ಮಿತಿ.

ಸಂದೇಶದಲ್ಲಿ ಏನಿರಬೇಕು

ಇಷ್ಟು ಲೆಕ್ಕ ಹಾಕಿ ತೆಗೆದ ದಿನಾಂಕವನ್ನು ಹಾಳುಮಾಡಲು ಒಂದು ಅಸ್ಪಷ್ಟ ವಾಕ್ಯ ಸಾಕು. ಹಬ್ಬದ ಆರ್ಡರ್‌ಗಳನ್ನು ಬೇಗ ಕೊಡಿ ಎಂದರೆ ಬೇಗ ಎಂದರೆ ಯಾವತ್ತು ಎಂದು ಗೊತ್ತಾಗುವುದಿಲ್ಲ. ಜುಲೈ 28 ಕೊನೆಯ ದಿನ ಎಂದಷ್ಟೇ ಬರೆದರೆ, ಅಂದು ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕುವಾಗ ಬಂದವರಿಗೂ ಹಕ್ಕು ಹುಟ್ಟುತ್ತದೆ. ಬಟ್ಟೆ ಕೊಟ್ಟು, ಅಳತೆ ಬ್ಲೌಸ್ ನಾಳೆ ಕಳಿಸುತ್ತೇನೆ, ಡಿಸೈನ್ ಫೋಟೊ ಆಮೇಲೆ ಹಾಕುತ್ತೇನೆ ಎಂದು ಹೋದವರೂ ತಮ್ಮ ಆರ್ಡರ್ ಸಮಯಕ್ಕೆ ಸೇರಿದೆ ಎಂದುಕೊಳ್ಳುತ್ತಾರೆ. ಟೈಲರ್ ಮಾತ್ರ ಅಂಥ ಬಟ್ಟೆಗೆ ಕತ್ತರಿ ಹಾಕಲಾರ. ಅದು ಮೂಲೆಯಲ್ಲಿ ಬಿದ್ದಿದ್ದು, ಫೋಟೊ ಬರುವ ಹೊತ್ತಿಗೆ ಕಟಿಂಗ್‌ನ ಸರದಿ ದಾಟಿರುತ್ತದೆ. ಹಬ್ಬದ ಹೊತ್ತಿನ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ ಅರ್ಧ ಬಂದ ಆರ್ಡರ್‌ಗಳಿಂದ.

ಆದ್ದರಿಂದ ಒಳ್ಳೆಯ ಸಂದೇಶದಲ್ಲಿ ಆರು ಸಂಗತಿಗಳಿರುತ್ತವೆ: ಹಬ್ಬದ ದಿನ, ಬ್ಲೌಸ್‌ನ ಬಗೆಗೆ ತಕ್ಕ ಕೊನೆಯ ದಿನ ಮತ್ತು ಸಮಯ, ಜೊತೆಗೆ ತರಬೇಕಾದದ್ದು, ಹಣದ ವಿಷಯ, ಡೆಲಿವರಿಯ ದಿನ, ಕೊನೆಯ ದಿನದ ನಂತರ ಬಂದರೆ ಏನು ಎಂಬುದು. ಮೇಲಿನ ಅಂಗಡಿಯ ಸಂದೇಶ ಹೀಗಿರಬಹುದು:

ನಮಸ್ಕಾರ. ತಮಗೂ ಮನೆಯವರೆಲ್ಲರಿಗೂ ವರಮಹಾಲಕ್ಷ್ಮಿ ಹಬ್ಬದ ಶುಭಾಶಯಗಳು.
ಈ ವರ್ಷ ಹಬ್ಬ ಆಗಸ್ಟ್ 8, ಶುಕ್ರವಾರ.
ಆರಿ ವರ್ಕ್ ಬ್ಲೌಸ್: ಜುಲೈ 19, ಶನಿವಾರ ರಾತ್ರಿ 8 ಗಂಟೆಯೊಳಗೆ ಕೊಡಿ.
ಲೈನಿಂಗ್ ಮತ್ತು ಸಾದಾ ಬ್ಲೌಸ್: ಜುಲೈ 28, ಸೋಮವಾರ ರಾತ್ರಿ 8 ಗಂಟೆಯೊಳಗೆ ಕೊಡಿ.
ಬಟ್ಟೆ, ಅಳತೆ ಬ್ಲೌಸ್, ಡಿಸೈನ್ ಮೂರೂ ಒಟ್ಟಿಗೆ ತನ್ನಿ. ಮೂರೂ ಬಂದ ದಿನವೇ ಆರ್ಡರ್ ಬರೆದುಕೊಳ್ಳುತ್ತೇವೆ.
ಅಡ್ವಾನ್ಸ್ ಬೇಡ. ತೆಗೆದುಕೊಂಡು ಹೋಗುವಾಗ ಕೊಟ್ಟರೆ ಸಾಕು.
ಎಲ್ಲ ಬ್ಲೌಸ್‌ಗಳೂ ಆಗಸ್ಟ್ 6, ಬುಧವಾರ ಸಂಜೆಯೊಳಗೆ ಸಿದ್ಧ. ದಯವಿಟ್ಟು ಅಂಗಡಿಯಲ್ಲೇ ಹಾಕಿ ನೋಡಿ.
ಜುಲೈ 28ರ ನಂತರ ಕೊಟ್ಟ ಬ್ಲೌಸ್‌ಗಳನ್ನು ಆಗಸ್ಟ್ 11ರಿಂದ, ಗೌರಿ ಹಬ್ಬಕ್ಕೆ ಮುಂಚೆ ಕೊಡುತ್ತೇವೆ.

ಕೊನೆಯ ಸಾಲನ್ನು ಅನೇಕರು ಬಿಟ್ಟುಬಿಡುತ್ತಾರೆ. ಆದರೆ ಅಂಗಡಿಗೂ ಗಿರಾಕಿಗೂ ಅದರಿಂದ ತುಂಬಾ ಉಪಯೋಗವಿದೆ. 2025ರಲ್ಲಿ ಗೌರಿ ಹಬ್ಬ ಆಗಸ್ಟ್ 26ಕ್ಕೆ, ಅಂದರೆ ವರಮಹಾಲಕ್ಷ್ಮಿ ಆಗಿ 18 ದಿನಕ್ಕೆ ಬಂತು. ತಡವಾಗಿ ಬಂದವರಿಗೆ ಇಲ್ಲ ಎಂದು ಹೇಳಿ ಕಳಿಸುವ ಬದಲು, ಈ ಹಬ್ಬಕ್ಕೆ ಆಗುವುದಿಲ್ಲ, ಗೌರಿಗೆ ಖಂಡಿತ ಆಗುತ್ತದೆ ಎನ್ನಲು ಆ ಸಾಲು ದಾರಿ ಮಾಡಿಕೊಡುತ್ತದೆ. ಕೊನೆಯ ದಿನ ಎಂದರೆ ಅಂಗಡಿ ಆರ್ಡರ್ ನಿಲ್ಲಿಸುವ ದಿನವಲ್ಲ. ಯಾವ ಹಬ್ಬದ ಪಟ್ಟಿಗೆ ಬ್ಲೌಸ್ ಸೇರುತ್ತದೆ ಎಂದು ತೀರ್ಮಾನವಾಗುವ ದಿನ.

ಯಾರಿಗೆ, ಯಾವಾಗ, ಹೇಗೆ ಕಳಿಸುವುದು

ಈ ಸಂದೇಶ ಮೊದಲು ತಲುಪಬೇಕಾದದ್ದು ಕಾಯಂ ಗಿರಾಕಿಗಳಿಗೆ. ಅವರ ಅಳತೆ ಪುಸ್ತಕದಲ್ಲಿದೆ, ಅವರಿಗೆ ಯಾವ ಕತ್ತು ಹೊಂದುತ್ತದೆ ಎಂದು ಟೈಲರ್‌ಗೆ ಗೊತ್ತು, ಹಾಕಿ ನೋಡಿದ ಮೇಲೆ ಬಿಚ್ಚುವ ಕೆಲಸ ಕಡಿಮೆ. ಅದೇ 76 ಜಾಗ ಪರಿಚಯವಿಲ್ಲದವರಿಂದ ತುಂಬಿದರೆ ಸರಿಪಡಿಸುವ ಕೆಲಸ ಹೆಚ್ಚಾಗಿ, ಖಾಲಿ ಬಿಟ್ಟ ಜಾಗವೂ ತುಂಬಿಹೋಗುತ್ತದೆ. ಹಾಗಾಗಿ ಮೊದಲ ವಾರ ಕಾಯಂ ಗಿರಾಕಿಗಳಿಗೆ ಮಾತ್ರ ತಿಳಿಸಿ, ಆಮೇಲೆ ಅಂಗಡಿಯ ಮುಂದೆ ಬೋರ್ಡ್ ಹಾಕುವ ಕ್ರಮ ನ್ಯಾಯವಾದದ್ದು.

ಈಗ ಬಹುಮಟ್ಟಿಗೆ ಇಂಥ ಸಂದೇಶಗಳು ಹೋಗುವುದು ವಾಟ್ಸ್ಆ್ಯಪ್‌ನಲ್ಲಿ. ಎಲ್ಲ ಗಿರಾಕಿಗಳನ್ನೂ ಒಂದು ಗ್ರೂಪಿಗೆ ಸೇರಿಸಿದರೆ ಒಬ್ಬರ ನಂಬರ್ ಉಳಿದವರಿಗೆಲ್ಲ ಕಾಣುತ್ತದೆ. ಹೆಣ್ಣುಮಕ್ಕಳ ನಂಬರ್‌ಗಳಿರುವ ಪಟ್ಟಿಯಲ್ಲಿ ಇದು ಆಗಬಾರದು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಕಳಿಸಿದರೆ ಪ್ರತಿಯೊಬ್ಬರಿಗೂ ಅವರಿಗೊಬ್ಬರಿಗೇ ಬಂದಂತೆ ತಲುಪುತ್ತದೆ. ಒಂದು ಪಟ್ಟಿಗೆ 256 ನಂಬರ್‌ಗಳವರೆಗೆ ಸೇರಿಸಬಹುದು. ಇದರಲ್ಲಿ ಒಂದು ಮಿತಿಯಿದೆ: ಟೈಲರ್‌ನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಸಂದೇಶ ತಲುಪುತ್ತದೆ. ಕಳಿಸಿದವರ ಫೋನಿನಲ್ಲಿ ಎಲ್ಲರಿಗೂ ಹೋದಂತೆ ಕಂಡರೂ ಕೆಲವರಿಗೆ ಹೋಗಿರುವುದಿಲ್ಲ. ಸಂದೇಶದ ವಿವರ ತೆರೆದು, ತಲುಪಿದವರ ಹೆಸರುಗಳನ್ನು ನೋಡಿದರೆ ಯಾರಿಗೆ ಮುಟ್ಟಿಲ್ಲ ಎಂದು ತಿಳಿಯುತ್ತದೆ. ಅವರಿಗೆ ಬೇರೆಯಾಗಿ ಕಳಿಸಬೇಕು ಅಥವಾ ಫೋನ್ ಮಾಡಬೇಕು. ಸ್ಟೇಟಸ್‌ನಲ್ಲಿ ಹಾಕಿದ್ದು 24 ಗಂಟೆಗೆ ಅಳಿಸಿಹೋಗುವುದರಿಂದ ಅದನ್ನೇ ನೆಚ್ಚಿಕೊಳ್ಳಲಾಗದು. ಸ್ಮಾರ್ಟ್‌ಫೋನ್ ಬಳಸದ ಹಿರಿಯರಿಗೆ ಈಗಲೂ ಬಿಲ್‌ನ ಹಿಂಬದಿಯಲ್ಲಿ ಬರೆದುಕೊಟ್ಟ ದಿನಾಂಕವೇ ಹೆಚ್ಚು ಭರವಸೆಯದು.

ಕಳಿಸುವ ಹೊತ್ತಿನ ವಿಷಯಕ್ಕೆ ಬಂದರೆ, ಒಂದು ಸಲ ಕಳಿಸಿದರೆ ಸಾಲುವುದಿಲ್ಲ, ನಾಲ್ಕು ಸಲ ಕಳಿಸಿದರೆ ಯಾರೂ ಓದುವುದಿಲ್ಲ. ಮೂರು ಸಂದೇಶಗಳು ಸಾಕಾಗುತ್ತವೆ. ಮೊದಲನೆಯದು ಕೊನೆಯ ದಿನಕ್ಕೆ ಎರಡು ವಾರ ಮುಂಚೆ, ಮೇಲಿನ ಉದಾಹರಣೆಯಲ್ಲಿ ಜುಲೈ 13ರ ಭಾನುವಾರ. ಆ ಹೊತ್ತಿಗೆ ವರ್ಕ್ ಬ್ಲೌಸ್ ಕೊಡುವವರಿಗೂ ಆರು ದಿನ ಸಿಗುತ್ತದೆ. ಎರಡನೆಯದು ಕೊನೆಯ ದಿನಕ್ಕೆ ಮೂರು ದಿನ ಇರುವಾಗ, ಒಂದೇ ಸಾಲಿನ ನೆನಪೋಲೆ. ಮೂರನೆಯದು ಜುಲೈ 29ರ ಬೆಳಿಗ್ಗೆ: ವರಮಹಾಲಕ್ಷ್ಮಿ ಹಬ್ಬದ ಆರ್ಡರ್ ಮುಗಿದಿದೆ, ಇನ್ನು ಬರುವುದು ಗೌರಿ ಹಬ್ಬಕ್ಕೆ. ಈ ಮೂರನೆಯ ಸಂದೇಶ ಕಳಿಸಿದ ಮೇಲೆ ಅಂಗಡಿಗೆ ಬಂದು ಬೇಸರಪಟ್ಟು ಹಿಂದಿರುಗುವವರ ಸಂಖ್ಯೆ ಇಳಿಯುತ್ತದೆ.

ಕೊನೆಯ ದಿನದ ನಂತರ

ಜುಲೈ 30ರಿಂದ ಆಗಸ್ಟ್ 5ರವರೆಗೆ ಟೈಲರ್‌ಗೆ ನಿಜವಾದ ಪರೀಕ್ಷೆ. ಒಂದೇ ಒಂದು ಬ್ಲೌಸ್ ಅಲ್ವಾ ಅಣ್ಣ, ಎಲ್ಲಾದರೂ ಮಧ್ಯೆ ಹೊಲಿದುಕೊಡಿ ಎಂದು ಕೇಳುವವರು ಹತ್ತು ವರ್ಷದಿಂದ ಬರುತ್ತಿರುವವರೇ ಆಗಿರುತ್ತಾರೆ. ಕೇಳುವವರ ಪಾಲಿಗೆ ಒಂದೇ ಬ್ಲೌಸ್ ನಿಜ. ಆದರೆ ಅಂಥವರು ದಿನಕ್ಕೆ ಮೂವರು ಬಂದರೆ ಆರು ದಿನದಲ್ಲಿ 18 ಬ್ಲೌಸ್, ಅಂದರೆ ಅಂಗಡಿಯ ಎರಡೂವರೆ ದಿನದ ಕೆಲಸ. ಮಧ್ಯೆ ತೂರಿಸಿದ ಪ್ರತಿಯೊಂದು ಬ್ಲೌಸ್ ಸಮಯಕ್ಕೆ ಸರಿಯಾಗಿ ಕೊಟ್ಟವರ ಒಂದು ಬ್ಲೌಸನ್ನು ಹಿಂದೆ ತಳ್ಳುತ್ತದೆ. ಹೇಳಿದ ದಿನಕ್ಕೆ ಬಂದವರು ಹಬ್ಬದ ಹಿಂದಿನ ದಿನ ಬರಿಗೈಲಿ ಹೋಗಿ, ತಡವಾಗಿ ಬಂದವರು ಬ್ಲೌಸ್ ಹಿಡಿದು ಹೋದರೆ ಮುಂದಿನ ವರ್ಷ ಆ ಸಂದೇಶವನ್ನು ಯಾರೂ ನಂಬುವುದಿಲ್ಲ.

ಹಾಗೆಂದು ಎಲ್ಲಕ್ಕೂ ಬಾಗಿಲು ಮುಚ್ಚಬೇಕಿಲ್ಲ. ದಿನಕ್ಕೆ ಒಂದರಂತೆ ಖಾಲಿ ಬಿಟ್ಟ ಜಾಗ ಇರುವುದೇ ಇಂಥದ್ದಕ್ಕೆ. ಕರೆಂಟ್ ಕೈಕೊಡದೆ, ಬಿಚ್ಚುವ ಕೆಲಸ ಬಾರದೆ ಆ ಜಾಗ ಉಳಿದಿದ್ದರೆ ಒಂದೆರಡು ಅರ್ಜೆಂಟ್ ಬ್ಲೌಸ್ ಒಪ್ಪಿಕೊಳ್ಳಬಹುದು. ಅದು ಉಳಿದಿದೆಯೇ ಎಂದು ತಿಳಿಯುವ ದಾರಿ ಸರಳ. ಪ್ರತಿ ರಾತ್ರಿ ಹೊಲಿಯಲು ಬಾಕಿ ಇರುವ ಚೀಟಿಗಳನ್ನು ಎಣಿಸಿದರೆ ಸಾಕು. ಈ ಅಂಗಡಿಯಲ್ಲಿ ಜುಲೈ 28ರ ರಾತ್ರಿ 42 ಬಾಕಿ ಇರಬೇಕು, 31ರ ರಾತ್ರಿ 28. ಎಣಿಸಿದಾಗ 24 ಇದ್ದರೆ ನಾಲ್ಕು ಬ್ಲೌಸ್‌ಗೆ ಜಾಗವಿದೆ. 35 ಇದ್ದರೆ ಅಂಗಡಿ ಒಂದು ದಿನ ಹಿಂದೆ ಬಿದ್ದಿದೆ. ಆಗ ಅರ್ಜೆಂಟ್ ಚಾರ್ಜಿನ ಆಸೆಗೆ ಒಂದು ಬ್ಲೌಸ್ ಒಪ್ಪಿಕೊಂಡರೂ ತಪ್ಪಾಗುತ್ತದೆ.

ಹಿಂದೆ ಬಿದ್ದದ್ದು ಒಂದು ವಾರ ಮುಂಚೆ ಗೊತ್ತಾದರೆ ಪರಿಹಾರವಿದೆ. ಒಬ್ಬರೇ ನಾಲ್ಕೈದು ಬ್ಲೌಸ್ ಕೊಟ್ಟಿರುವ ಮನೆಗಳಿಗೆ ಫೋನ್ ಮಾಡಿ, ಪೂಜೆಯ ದಿನ ಉಡುವ ಸೀರೆಯದು ಯಾವುದು ಎಂದು ಕೇಳಿ ಅದನ್ನು ಮೊದಲು ಹೊಲಿಯಬಹುದು. ಉಳಿದವು ಗೌರಿ ಹಬ್ಬಕ್ಕೆ ಸಿಕ್ಕರೂ ಸಾಕೆಂದು ಹೆಚ್ಚಿನವರು ಒಪ್ಪುತ್ತಾರೆ. ಅದೇ ಮಾತನ್ನು ಆಗಸ್ಟ್ 7ರ ಸಂಜೆ ಅಂಗಡಿಯ ಬಾಗಿಲಲ್ಲಿ ಹೇಳಿದರೆ ಒಪ್ಪುವವರು ಯಾರೂ ಇರುವುದಿಲ್ಲ. ಇದಕ್ಕೆ ಅನುಕೂಲವಾಗಲೆಂದೇ ಆರ್ಡರ್ ಬರೆದುಕೊಳ್ಳುವಾಗ ಪೂಜೆಯ ಬ್ಲೌಸ್‌ನ ಚೀಟಿಗೆ ಗುರುತು ಹಾಕಿಡುವ ರೂಢಿ ಒಳ್ಳೆಯದು.

ಕೆಲವು ಅಂಗಡಿಗಳು ಸುರಕ್ಷಿತವಾಗಿರಲೆಂದು ನಿಜವಾದ ಮಿತಿಗಿಂತ ಒಂದು ವಾರ ಮುಂಚಿನ ದಿನಾಂಕ ಹೇಳಿ, ಆಮೇಲೂ ಆರ್ಡರ್ ತೆಗೆದುಕೊಳ್ಳುತ್ತವೆ. ಮೊದಲ ವರ್ಷ ಇದು ಫಲಿಸುತ್ತದೆ. ಮರುವರ್ಷ, ಅವರು ಹೇಳಿದ ಮೇಲೂ ಒಂದು ವಾರ ತಗೊಳ್ತಾರೆ ಎಂದು ಗಿರಾಕಿಗಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆಗ ಟೈಲರ್ ನಿಜವಾದ ದಿನಾಂಕ ಹೇಳಿದರೂ ಪ್ರಯೋಜನವಿಲ್ಲ. ಮುಂಜಾಗ್ರತೆಗೆ ಬಿಡುವ ಜಾಗ ಲೆಕ್ಕದ ಒಳಗಿರಬೇಕು, ಘೋಷಿಸುವ ದಿನಾಂಕದಲ್ಲಿ ಇರಬಾರದು.

ಹಬ್ಬ ಮುಗಿದ ವಾರ ಮಾಡಬೇಕಾದ ಒಂದು ಕೆಲಸ ಉಳಿಯುತ್ತದೆ. ಸಂದೇಶ ಕಳಿಸಿದ ದಿನದಿಂದ ಪ್ರತಿದಿನ ಎಷ್ಟು ಬ್ಲೌಸ್ ಬಂದವು, ಎಷ್ಟು ಹೊರಗೆ ಹೋದವು, ಎಷ್ಟು ವಾಪಸು ಬಂದವು, ಕೊನೆಯ ದಿನದ ನಂತರ ಎಷ್ಟು ಜನ ಕೇಳಿದರು ಎಂಬುದನ್ನು ಬಿಲ್ ಬುಕ್‌ನ ಕೊನೆಯ ಹಾಳೆಯಲ್ಲಿ ಬರೆದಿಡಬೇಕು. ಹಬ್ಬಕ್ಕೆ ಎಷ್ಟು ದಿನ ಮುಂಚೆ ಎಂಬ ಲೆಕ್ಕದಲ್ಲಿ ಬರೆಯಬೇಕು, ತಾರೀಕಿನ ಲೆಕ್ಕದಲ್ಲಿ ಅಲ್ಲ. ಜುಲೈ 28 ಎಂಬುದು ಮುಂದಿನ ವರ್ಷ ಯಾವ ಉಪಯೋಗಕ್ಕೂ ಬರುವುದಿಲ್ಲ. ಹಬ್ಬಕ್ಕೆ 11 ದಿನ ಮುಂಚೆ ಮುಚ್ಚಿದ್ದು ಸರಿಹೋಯಿತೋ ಇಲ್ಲವೋ ಎಂಬುದು ಬರುತ್ತದೆ. ಹೊಸದಾಗಿ ತೆರೆದ ಅಂಗಡಿಗೆ ಇಂಥ ಹಾಳೆ ಇರುವುದಿಲ್ಲ. ಆದ್ದರಿಂದ ಅದು ಮೊದಲ ವರ್ಷ ದಿನಾಂಕದ ಜೊತೆಗೆ ಸಂಖ್ಯೆಯನ್ನೂ ಹೇಳುವುದು ಕ್ಷೇಮ: ಜುಲೈ 28ರವರೆಗೆ ಅಥವಾ 76 ಬ್ಲೌಸ್ ತುಂಬುವವರೆಗೆ, ಯಾವುದು ಮೊದಲೋ ಅದು.